ನೈಲ್ ನದಿಯ ನೂರು ವರ್ಷ: ಮಟ್ಟ, ಗದ್ದಲ ಮತ್ತು ಫಿಲ್ಟರಿನ ಲೆಕ್ಕ



ಈ ಎರಡು ದಿನಗಳಲ್ಲಿ ಇಲ್ಲಿ ದೊಡ್ಡ ದೊಡ್ಡ ಮಾದರಿಗಳ ಚರ್ಚೆ ನಡೆಯಲಿದೆ. ಅದಕ್ಕೆ ಮೊದಲು ಎಲ್ಲಕ್ಕಿಂತ ಸಣ್ಣ ಮಾದರಿಯೊಂದನ್ನು ನಿಮ್ಮ ಮುಂದೆ ಇಡುತ್ತೇನೆ. ಫಿಲ್ಟರ್ ಮಾಡುವ ಕೆಲಸವೇನು, ಅದು ಎಲ್ಲಿ ಕುರುಡಾಗುತ್ತದೆ ಎಂಬುದು ಈ ಸಣ್ಣ ಮಾದರಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಉದಾಹರಣೆ ಹಳೆಯದು, ನಿಮ್ಮಲ್ಲಿ ಹಲವರಿಗೆ ಪರಿಚಿತವಾದದ್ದು: ಅಸ್ವಾನ್ ಬಳಿ 1871ರಿಂದ 1970ರವರೆಗೆ ಅಳೆದ ನೈಲ್ ನದಿಯ ವಾರ್ಷಿಕ ಹರಿವು. ಒಟ್ಟು ನೂರು ಸಂಖ್ಯೆಗಳು. ಒಂದು ಘಟಕವೆಂದರೆ ಹತ್ತು ಕೋಟಿ ಘನ ಮೀಟರ್ ನೀರು. ಮೊದಲ ಮೂರು ವರ್ಷಗಳ ಹರಿವು 1120, 1160, 963.

ಈ ಸಂಖ್ಯೆಗಳ ಹಿಂದೆ ಕಣ್ಣಿಗೆ ಕಾಣದ ಒಂದು ಮಟ್ಟವಿದೆ ಎಂದುಕೊಳ್ಳೋಣ. ಆಯಾ ವರ್ಷದ ಮಳೆಯ ಏರುಪೇರು ಆ ಮಟ್ಟದ ಮೇಲೆ ಬಂದು ಕೂರುತ್ತದೆ. ಮಟ್ಟವೂ ನಿಂತಲ್ಲೇ ನಿಲ್ಲದೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸರಿಯುತ್ತದೆ. ಸ್ಟೇಟ್ ಸ್ಪೇಸ್ ರೂಪದಲ್ಲಿ ಇದು ಎರಡೇ ಸಾಲು:

```
y[t]   = μ[t] + ε[t]
μ[t+1] = μ[t] + η[t]
```

ಮೊದಲನೆಯದು ನಾವು ಅಳೆದದ್ದನ್ನು ಹೇಳುತ್ತದೆ, ಎರಡನೆಯದು ಕಾಣದ ಸ್ಥಿತಿ ಹೇಗೆ ಮುಂದಕ್ಕೆ ಸಾಗುತ್ತದೆ ಎಂಬುದನ್ನು. ಇಡೀ ಮಾದರಿಯಲ್ಲಿ ನಮಗೆ ತಿಳಿಯದ ನಿಯತಾಂಕಗಳು ಎರಡು: ε ಮತ್ತು η ಇವುಗಳ ವೇರಿಯನ್ಸ್. ಡರ್ಬಿನ್ ಮತ್ತು ಕೂಪ್‌ಮನ್ ಅವರ ಪುಸ್ತಕ ಓದಿದವರಿಗೆ ನೆನಪಿರಬಹುದು, ಈ ದತ್ತಾಂಶಕ್ಕೆ ಗರಿಷ್ಠ ಸಂಭಾವ್ಯತೆಯ ಅಂದಾಜು ಕ್ರಮವಾಗಿ 15099 ಮತ್ತು 1469. ವರ್ಗಮೂಲ ತೆಗೆದರೆ ಚಿತ್ರ ತಿಳಿಯಾಗುತ್ತದೆ: ಒಂದು ವರ್ಷದ ಗದ್ದಲ ಸುಮಾರು 123 ಘಟಕ, ಮಟ್ಟ ಸರಿಯುವುದು ವರ್ಷಕ್ಕೆ ಸುಮಾರು 38.

ಈಗ 1872ರಲ್ಲಿ ಕೂತು ಲೆಕ್ಕ ಹಾಕೋಣ. 1871ಕ್ಕೆ ಮೊದಲು ನಮಗೆ ಏನೂ ಗೊತ್ತಿರಲಿಲ್ಲ. ಹಾಗಾಗಿ ಮೊದಲ ಅಳತೆಯನ್ನೇ ಪೂರ್ತಿ ನಂಬುತ್ತೇವೆ. 1872ರ ಮುನ್ನಂದಾಜು 1120. ಆದರೆ ಆ ನಂಬಿಕೆ ತೀರಾ ಸಡಿಲ. ಒಂದೇ ಅಳತೆಯ ಗದ್ದಲ 15099, ಅದರ ಮೇಲೆ ಮಟ್ಟ ಒಂದು ವರ್ಷ ಸರಿದದ್ದಕ್ಕೆ 1469, ಒಟ್ಟು 16568. ಇದು ಮಟ್ಟದ ಬಗ್ಗೆ ನಮಗಿರುವ ಅನಿಶ್ಚಿತತೆ. ಇದನ್ನು P ಎನ್ನೋಣ, ಮುನ್ನಂದಾಜನ್ನು a ಎನ್ನೋಣ.

1872ರ ಹರಿವು 1160 ಬಂತು. ಮುನ್ನಂದಾಜಿಗಿಂತ 40 ಹೆಚ್ಚು. ಈ 40ರಲ್ಲಿ ಎಷ್ಟು ಪಾಲು ಮಟ್ಟದ ಕುರಿತ ನಮ್ಮ ತಪ್ಪು ತಿಳಿವಳಿಕೆಗೆ ಸೇರಬೇಕು, ಎಷ್ಟು ಪಾಲು ಆ ವರ್ಷದ ಗದ್ದಲಕ್ಕೆ? ಫಿಲ್ಟರ್ ಕೇಳುವುದು ಇದೊಂದೇ ಪ್ರಶ್ನೆ. ಉತ್ತರ ಎರಡು ಅನಿಶ್ಚಿತತೆಗಳ ಅನುಪಾತದಲ್ಲಿದೆ:

```
K[t]   = P[t] / (P[t] + 15099)
a[t+1] = a[t] + K[t] * (y[t] - a[t])
P[t+1] = P[t] * (1 - K[t]) + 1469
```

16568ನ್ನು 31667ರಿಂದ ಭಾಗಿಸಿದರೆ 0.52. ಅಂದರೆ 40ರಲ್ಲಿ ಸುಮಾರು 21 ಮಟ್ಟದ ಪಾಲು. 1873ರ ಮುನ್ನಂದಾಜು 1141. ಆ ವರ್ಷ ಬಂದದ್ದು 963, ಮುನ್ನಂದಾಜಿಗಿಂತ 178 ಕಡಿಮೆ. ಅಷ್ಟರಲ್ಲಿ P 9369ಕ್ಕೆ ಇಳಿದಿತ್ತು, K 0.38ಕ್ಕೆ. ಹಾಗಾಗಿ ಮಟ್ಟ ಇಳಿದದ್ದು 68 ಮಾತ್ರ, 1073ಕ್ಕೆ. ಅಳತೆ ನಾಲ್ಕು ಪಟ್ಟಿಗಿಂತ ದೊಡ್ಡ ಪೆಟ್ಟು ಕೊಟ್ಟಿದ್ದರೂ ಪ್ರತಿ ಘಟಕಕ್ಕೆ ಫಿಲ್ಟರ್ ಮೊದಲಿಗಿಂತ ಕಡಿಮೆ ಕದಲಿತು, ಏಕೆಂದರೆ ಅದರ ಕೈಯಲ್ಲಿ ಈಗ ಹಿಂದಿನ ಎರಡು ವರ್ಷಗಳ ಅನುಭವವಿದೆ.

ಹೀಗೇ ಸುಮಾರು ಹತ್ತು ವರ್ಷ ಕಳೆಯುವಷ್ಟರಲ್ಲಿ P 5501ರ ಹತ್ತಿರ ಬಂದು ನಿಲ್ಲುತ್ತದೆ. ಪ್ರತಿ ಅಳತೆ ಅದನ್ನು ಎಷ್ಟು ಕಡಿಮೆ ಮಾಡುತ್ತದೋ ಮಟ್ಟದ ಒಂದು ವರ್ಷದ ಸರಿತ ಅಷ್ಟನ್ನೇ ವಾಪಸು ಸೇರಿಸುತ್ತದೆ. ಆಗ K 0.267. ಅಲ್ಲಿಂದ ಮುಂದೆ ಇದು ನಾವು ಹಿಂದಿನಿಂದ ಬಳಸುತ್ತಿರುವ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಅಲ್ಲದೆ ಬೇರೇನೂ ಅಲ್ಲ. ವ್ಯತ್ಯಾಸವೆಂದರೆ ಅಲ್ಲಿ ಕಣ್ಣಂದಾಜಿನಲ್ಲಿ ಆರಿಸುತ್ತಿದ್ದ ತೂಕ ಇಲ್ಲಿ ಎರಡು ವೇರಿಯನ್ಸುಗಳಿಂದ ಹುಟ್ಟಿ ಬರುತ್ತದೆ. ಯಾವುದೋ ವರ್ಷದ ಅಳತೆ ಕಳೆದುಹೋಗಿದ್ದರೂ ತೊಂದರೆಯಿಲ್ಲ: ಆ ವರ್ಷ K ಸೊನ್ನೆ, ಮಟ್ಟ ಇದ್ದಲ್ಲೇ ಇರುತ್ತದೆ, P ಮಾತ್ರ 1469ರಷ್ಟು ಹಿಗ್ಗುತ್ತದೆ. ನನಗೆ ಸ್ಟೇಟ್ ಸ್ಪೇಸ್ ರೂಪ ಪ್ರಿಯವಾಗಲು ಈ ಸಲೀಸೂ ಒಂದು ಕಾರಣ.

ಮೇಲಿನ ಮೂರು ಸಾಲುಗಳನ್ನು ಇನ್ನೊಮ್ಮೆ ನೋಡಿ. K ಮತ್ತು P ಇರುವ ಸಾಲುಗಳಲ್ಲಿ y ಎಲ್ಲೂ ಇಲ್ಲ. ವೇರಿಯನ್ಸುಗಳು ಗೊತ್ತಾದ ಮೇಲೆ ನೂರು ವರ್ಷಗಳ K ಮೌಲ್ಯಗಳನ್ನು ನದಿಯ ಕಡೆ ತಿರುಗಿಯೂ ನೋಡದೆ ಬರೆದಿಡಬಹುದು. ಅಳತೆ ಎಷ್ಟೇ ವಿಚಿತ್ರವಾಗಿ ಬರಲಿ, ಫಿಲ್ಟರ್ ಅದರ 27 ಶೇಕಡಾವನ್ನು ಒಪ್ಪಿಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಅದರ ಆತ್ಮವಿಶ್ವಾಸ ಕುಗ್ಗುವುದೇ ಇಲ್ಲ. ಈ ಸಂಗತಿಯ ಪರಿಣಾಮವನ್ನು ನಾವು ತರಗತಿಗಳಲ್ಲಿ ಬೇಕಾದಷ್ಟು ಹೇಳುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಪರಿಣಾಮ ಏನು? ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. 1899ರ ಮುನ್ನಂದಾಜು ಸುಮಾರು 1133, ಬಂದದ್ದು 774. ಕೊರತೆ 359. 1913ರ ಮುನ್ನಂದಾಜು ಸುಮಾರು 856, ಬಂದದ್ದು 456. ಕೊರತೆ 400. ಮುನ್ನಂದಾಜಿನ ದೋಷದ ಪ್ರಮಾಣಿತ ವಿಚಲನೆ ಸುಮಾರು 144 ಆದ್ದರಿಂದ ಮೊದಲನೆಯದು ಅದರ ಎರಡೂವರೆ ಪಟ್ಟು, ಎರಡನೆಯದು ಅದಕ್ಕೂ ಹೆಚ್ಚು. ಆ ಕ್ಷಣದಲ್ಲಿ ನಿಂತು ನೋಡಿದವರಿಗೆ 1913ರ ಕುಸಿತವೇ ದೊಡ್ಡದು. ಫಿಲ್ಟರ್ 1899ರಲ್ಲಿ ಮಟ್ಟವನ್ನು 96 ಇಳಿಸಿತು, 1913ರಲ್ಲಿ 107.

ಮುಂದಿನ ವರ್ಷಗಳು ಬೇರೆಯೇ ಕಥೆ ಹೇಳಿದವು. 1913ರ ನಂತರ 1914ರಲ್ಲೇ ಹರಿವು ಮುನ್ನಂದಾಜಿಗಿಂತ ಸುಮಾರು 75 ಹೆಚ್ಚಾಯಿತು, 1916ರಲ್ಲಿ 1120ಕ್ಕೆ ಹೋಯಿತು. ಅದು ಒಂದು ವರ್ಷದ ಬರ. 1899ರ ನಂತರ ಹಾಗಾಗಲಿಲ್ಲ. 1900ರಲ್ಲಿ ಕೊರತೆ 197, 1901ರಲ್ಲಿ 110, 1902ರಲ್ಲಿ 261. ನಾಲ್ಕು ವರ್ಷ ಒಂದೇ ದಿಕ್ಕಿನ ತಪ್ಪು. ಫಿಲ್ಟರ್ ಪ್ರತಿ ಸಲ ಕಾಲು ಭಾಗಕ್ಕೆ ಸ್ವಲ್ಪ ಹೆಚ್ಚು ಸರಿಪಡಿಸಿಕೊಳ್ಳುತ್ತಾ ಹಿಂದೆ ಹಿಂದೆ ನಡೆಯುತ್ತಿತ್ತು. ನದಿ ಒಂದೇ ಏಟಿಗೆ ಕೆಳಗಿಳಿದಿತ್ತು: 1898ರವರೆಗಿನ ಸರಾಸರಿ 1098, ಅಲ್ಲಿಂದ ಮುಂದಿನದು 850. ಇದನ್ನು ಅಸ್ವಾನಿನ ಹಳೆಯ ಅಣೆಕಟ್ಟಿನೊಂದಿಗೆ ಸೇರಿಸಿ ಹೇಳುವ ರೂಢಿಯಿದೆ. ಆ ಅಣೆಕಟ್ಟು ಮುಗಿದದ್ದು 1902ರಲ್ಲಿ, ಕುಸಿತ ಕಂಡದ್ದು ಅದಕ್ಕೂ ಮೊದಲು. ಹಾಗಾಗಿ ಮಳೆಯ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ.

ಆದ್ದರಿಂದ ಮುನ್ನಂದಾಜಿನ ಒಂದು ತಪ್ಪಿನ ಗಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ, ತಪ್ಪುಗಳ ಸಾಲನ್ನು ನೋಡಿ. ಮಾದರಿ ಸರಿಯಿದ್ದರೆ ಪ್ರಮಾಣೀಕರಿಸಿದ ದೋಷಗಳ ಚಿಹ್ನೆ ಯಾವ ಕ್ರಮವೂ ಇಲ್ಲದೆ ಬದಲಾಗುತ್ತಿರಬೇಕು. ಅವುಗಳನ್ನು ಕೂಡುತ್ತಾ ಹೋಗಿ ರೇಖೆ ಎಳೆದರೆ 1899ರಿಂದ ಅದು ಕೆಳಮುಖವಾಗಿ ಜಾರುವುದು ಬರಿಗಣ್ಣಿಗೇ ಕಾಣುತ್ತದೆ. 1913ರಲ್ಲಿ ಒಂದು ಮೆಟ್ಟಿಲು ಕಾಣುತ್ತದೆ ಅಷ್ಟೆ.

ಹಾಗೆ ಕಂಡ ಮೇಲೆ ಮಾದರಿಗೆ 1899ರಲ್ಲಿ ಮಟ್ಟದ ಒಂದು ನೆಗೆತವನ್ನು ಸೇರಿಸಿ ಮತ್ತೆ ಅಂದಾಜು ಮಾಡಿ ನೋಡಿ. η ವೇರಿಯನ್ಸ್ 1469ರಿಂದ ಹೆಚ್ಚುಕಡಿಮೆ ಸೊನ್ನೆಗೆ ಬೀಳುತ್ತದೆ. ಅದರ ಜೊತೆಗೆ K ಕೂಡ ವರ್ಷ ಕಳೆದಂತೆ ಕರಗುತ್ತಾ ಹೋಗುತ್ತದೆ. ನದಿಯ ಮಟ್ಟ ನೂರು ವರ್ಷ ನಿಧಾನವಾಗಿ ಅಲೆದಾಡಿತು ಎಂದು ಹೇಳಿದ ಅದೇ ದತ್ತಾಂಶ, ಅದು ಒಮ್ಮೆ ಕೆಳಗಿಳಿದು ಮಿಕ್ಕೆಲ್ಲ ಕಾಲ ನಿಂತಲ್ಲೇ ಇತ್ತು ಎಂದು ಈಗ ಹೇಳುತ್ತದೆ. ಈ ಎರಡು ಮಾದರಿಗಳು 1971ಕ್ಕೆ ಕೊಡುವ ಮುನ್ನಂದಾಜಿನ ಅಂತರದ ಅಗಲವೂ ಬೇರೆ ಬೇರೆ. ಈ ನೆಗೆತವನ್ನು 1970ರಲ್ಲಿ ಹಿಂದಿರುಗಿ ನೋಡಿ ಸೇರಿಸುವುದು ಸುಲಭ. 1900ರಲ್ಲಿ ಎರಡು ತಪ್ಪುಗಳನ್ನಷ್ಟೇ ಕಂಡವರು ಅದನ್ನು ಸೇರಿಸಬೇಕಿತ್ತೇ ಎಂಬ ಪ್ರಶ್ನೆಯನ್ನು ಮಧ್ಯಾಹ್ನದ ಗೋಷ್ಠಿ ಎತ್ತಿಕೊಳ್ಳಲಿ ಎಂದು ಕೋರುತ್ತೇನೆ.