ಕಾರ್ಯಾಲಯದ ಮುಂಗಡಕ್ಕೆ ಬಾಯಿಮಾತು ಸಾಲದು
(ಯೆರವಡಾದಲ್ಲಿ ಮಾಡಿದ ಭಾಷಣ)



ನಾನು ತಟ್ಟೆ ತೊಳೆದು ಮೇಲೆ ಬಂದವನು, ಕಾಯಿದೆ ಓದಿದವನಲ್ಲ. ತಂಗಿಯ ಮದುವೆಯಲ್ಲಿ 10,000 ರೂಪಾಯಿ ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ.

ಇಲ್ಲೇ ಒಂದು ಮಂಗಲ ಕಾರ್ಯಾಲಯಕ್ಕೆ 40,000 ಮುಂಗಡ ಕಟ್ಟಿದ್ದೆವು. ರಸೀದಿಯ ಬೆನ್ನಿಗೆ ಮರಾಠಿಯಲ್ಲಿ ನಿಯಮ ಅಚ್ಚಾಗಿತ್ತು: 60 ದಿನ ಮುಂಚೆ ಲಿಖಿತವಾಗಿ ರದ್ದು ಮಾಡಿದರೆ ಕಾಲುಪಾಲು ಮುರಿಯುವುದು, ಆಮೇಲಾದರೆ ಅರ್ಧ. ಬೀಗರು ತೀರಿಕೊಂಡು ಮದುವೆ ಮುಂದಕ್ಕೆ ಹೋಯಿತು. 70 ದಿನ ಇರುವಾಗಲೇ ಫೋನ್ ಮಾಡಿದೆ. "ಆಗಲಿ, ಬಿಡುವಾದಾಗ ಬನ್ನಿ" ಎಂದರು ಮ್ಯಾನೇಜರರು. ಹೋಟೆಲಿನವನಿಗೆ ಬಿಡುವೆಲ್ಲಿ? ಹೋದಾಗ 55 ದಿನ ಉಳಿದಿತ್ತು. "ಚೀಟಿ ಇವತ್ತು ಬಂತು, ಲೆಕ್ಕ ಇವತ್ತಿನಿಂದ" ಎಂದರು. 30,000 ಬರಬೇಕಾದಲ್ಲಿ 20,000 ಬಂತು. 'ಲಿಖಿತ' ಎಂಬ ಮಾತನ್ನು ನಾನು ಓದಿರಲಿಲ್ಲ.

ಆದ್ದರಿಂದ ಅದೇ ದಿನ ಚೀಟಿ ಬರೆಯಿರಿ. ರಸೀದಿ ನಂಬರು, ಕಟ್ಟಿದ ಹಣ, ಮದುವೆಯ ತಾರೀಖು, ಬರೆಯುವ ದಿನದ ತಾರೀಖು ಇರಲಿ. "ನಿಮ್ಮ ಇಂಥ ನಂಬರಿನ ನಿಯಮದಂತೆ 10,000 ಮುರಿದು 30,000 ನನ್ನ ಖಾತೆಗೆ ಹಾಕಿರಿ" ಎಂದು ಲೆಕ್ಕವನ್ನು ನೀವೇ ಬರೆಯಿರಿ. ಕಾರಣಕ್ಕೆ ಒಂದು ಸಾಲು ಸಾಕು, ಅಳು ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಶಿಕ್ಕಾ, ತಾರೀಖು ಹಾಕಿಸಿಕೊಳ್ಳಿರಿ. ಇದಕ್ಕೆ ಈ ಊರಲ್ಲಿ ಪೋಚ್ ಎನ್ನುತ್ತಾರೆ. ಹಾಕಿಕೊಡದಿದ್ದರೆ ಅಂದೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಿರಿ. ಮುಂಗಡದ ಮೂಲ ರಸೀದಿಯನ್ನು ಹಣ ಬರುವವರೆಗೆ ಬಿಡಬೇಡಿರಿ, ನಕಲು ಕೊಡಿರಿ.

ಅಡುಗೆ ಕಂತ್ರಾಟುದಾರರಿಗೆ ಬೇರೆ ಚೀಟಿಯೇ ಬೇಕು. ಕಾರ್ಯಾಲಯಕ್ಕೆ ತಿಳಿಸಿದರೆ ಅವರಿಗೆ ತಿಳಿಸಿದಂತಾಗದು. ಆದರೂ ಹಣ ಬಾರದಿದ್ದರೆ ಸರಕಾರದ ಗ್ರಾಹಕ ಸಹಾಯವಾಣಿ ಇದೆ, ಫೋನ್ ನಂಬರು 1915. ಫೋನ್ ಮಾಡುವಾಗ ಆ ಪೋಚ್ ಕೈಯಲ್ಲಿರಲಿ.