ಬಾಗಿಲಿಗೆ ಅಂಟಿಸಿದ ಕೊನೆಯ ಕಾಗದ

ಹಳೆಯ ಅಂಗಡಿಯೊಂದು ಮುಚ್ಚುವ ಮುನ್ನ ಅದರ ಬಾಗಿಲಿಗೋ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೋ ಒಂದು ಕಾಗದ ಅಂಟಿಕೊಳ್ಳುತ್ತದೆ. ಚೆನ್ನೈಯಲ್ಲಾದರೆ ಸಾಮಾನ್ಯವಾಗಿ ಮೇಲೆ ತಮಿಳು, ಕೆಳಗೆ ಇಂಗ್ಲಿಷ್. ಇಷ್ಟು ವರ್ಷ ಆದರಿಸಿದ ಗಿರಾಕಿಗಳಿಗೆ ವಂದನೆ, ಅನಿವಾರ್ಯ ಕಾರಣಗಳಿಂದ ಇಂಥ ತಾರೀಖಿನಿಂದ ವ್ಯಾಪಾರ ಇರುವುದಿಲ್ಲ, ಬಾಕಿ ಇದ್ದವರು ತೀರಿಸಬೇಕಾಗಿ ವಿನಂತಿ. ಅಷ್ಟೇ ಇರುತ್ತದೆ. ಓದುವವರ ಮನಸ್ಸು ವಂದನೆಯ ಸಾಲಿನಲ್ಲಿ ನಿಲ್ಲುತ್ತದೆ. ಬರೆದವರ ತಲೆ ಬಿಸಿಯಾದದ್ದು ಮಾತ್ರ ಉಳಿದ ಸಾಲುಗಳಿಗಾಗಿ.

ಮೊದಲನೆಯದು ತಾರೀಖು. ಮೈಲಾಪುರದ ಗುಡಿಬೀದಿಗಳಲ್ಲಿ ಇರುವಂಥ ಒಂದು ಸಣ್ಣ ಕಾಫಿಪುಡಿ ಅಂಗಡಿಯನ್ನೇ ಉದಾಹರಣೆಯಾಗಿ ಹಿಡಿಯಬಹುದು. ಹಸಿ ಬೀಜ ಮೂಟೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹುರಿದ ಬೀಜಕ್ಕೆ ಕೆಲವು ವಾರಗಳ ಬಾಳಿಕೆ. ಪುಡಿ ಮಾಡಿದ ಮೇಲೆ ಪರಿಮಳ ದಿನದಿನಕ್ಕೂ ಇಳಿಯುತ್ತದೆ. ಹೀಗಾಗಿ ಮುಚ್ಚುವ ದಿನವನ್ನು ಕ್ಯಾಲೆಂಡರ್ ನೋಡಿ ಮಾತ್ರ ಗೊತ್ತುಮಾಡಲಾಗದು, ಮೂಟೆಗಳನ್ನೂ ಎಣಿಸಬೇಕು. ದಿನಕ್ಕೆ 10 ಕಿಲೋ ಪುಡಿ ಹೋಗುವ ಅಂಗಡಿ, ಅದರಲ್ಲಿ ಐದರಲ್ಲೊಂದು ಪಾಲು ಚಿಕೋರಿ ಎಂದಿಟ್ಟುಕೊಂಡರೆ, 8 ಕಿಲೋ ಹುರಿದ ಕಾಫಿ ಬೇಕು. ಹುರಿಯುವಾಗ ಬೀಜದ ತೂಕ ಐದರಲ್ಲೊಂದು ಪಾಲಿನ ಹತ್ತಿರ ಇಳಿಯುವುದರಿಂದ ಅದಕ್ಕೆ ಸುಮಾರು 10 ಕಿಲೋ ಹಸಿ ಬೀಜ ಹಿಡಿಯುತ್ತದೆ. 50 ಕಿಲೋದ ಮೂರು ಮೂಟೆ ಉಳಿದಿದ್ದರೆ ಹದಿನೈದು ದಿನದ ವ್ಯಾಪಾರ. ಆದರೆ ಕಾಗದ ಅಂಟಿಸಿದ ಮರುದಿನದಿಂದಲೇ ಈ ಲೆಕ್ಕ ತಪ್ಪುತ್ತದೆ. ಅರ್ಧ ಕಿಲೋ ಒಯ್ಯುತ್ತಿದ್ದವರು ಎರಡು ಕಿಲೋ ಕೇಳುತ್ತಾರೆ. ಅದು ಅಭಿಮಾನದ ಖರೀದಿ. ಮನೆಯಲ್ಲಿ ಆ ಪುಡಿ ಮುಗಿಯುವ ಹೊತ್ತಿಗೆ ಅದರ ಪರಿಮಳ ಮುಕ್ಕಾಲು ಹೋಗಿರುತ್ತದೆ. ತಿಳಿದ ಅಂಗಡಿಯವರು ಎರಡು ಕಿಲೋ ಕೊಡುವುದಿಲ್ಲ, ಇನ್ನೊಮ್ಮೆ ಬನ್ನಿ ಎನ್ನುತ್ತಾರೆ.

ಎರಡನೆಯದು ಲೆಕ್ಕ. ತಿಂಗಳ ಖಾತೆ ಇಟ್ಟುಕೊಂಡ ಮನೆಗಳಿಗೆ ಮೊದಲು ನಿಲ್ಲುವುದು ಸಾಲ. ವ್ಯಾಪಾರ ನಿಲ್ಲುವುದು ಆಮೇಲೆ. ಸಾಮಾನ್ಯ ಬಾಕಿಯನ್ನು ಕಾನೂನಿನ ಮೂಲಕ ವಸೂಲು ಮಾಡಲು ಮೂರು ವರ್ಷದ ಅವಧಿ ಇದೆ. ಆದರೆ ನೂರಿನ್ನೂರು ರೂಪಾಯಿಗೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಬಾಕಿದಾರರ ಹೆಸರನ್ನು ಗೋಡೆಗೆ ಬರೆಯುವುದೂ ಮರ್ಯಾದೆಯಲ್ಲ. ಹಾಗಾಗಿ ಎಲ್ಲರನ್ನೂ ಉದ್ದೇಶಿಸಿದ ಒಂದೇ ವಿನಂತಿ. ಸಾಲವಿಲ್ಲದವರು ಅದನ್ನು ಓದಿ ಮುಂದೆ ಹೋಗುತ್ತಾರೆ, ಇದ್ದವರಿಗೆ ತಮ್ಮ ಹೆಸರು ಕಾಣುತ್ತದೆ. ಅಂಗಡಿಯೇ ಕೊಡಬೇಕಾದದ್ದೂ ಇರುತ್ತದೆ: ಮುಂಗಡ ಹಣ, ಪುಡಿ ತುಂಬಿಸಲೆಂದು ಗಿರಾಕಿ ಬಿಟ್ಟುಹೋದ ಸ್ಟೀಲ್ ಡಬ್ಬಿ. ದರ್ಜಿಯ ಅಂಗಡಿಯಾದರೆ ಯಾರೂ ಒಯ್ಯದ ಬಟ್ಟೆ, ಗಡಿಯಾರ ರಿಪೇರಿಯವರಾದರೆ ಯಾರದೋ ತಾತನ ವಾಚು. ಒಳ್ಳೆಯ ಕಾಗದದಲ್ಲಿ ಇವಕ್ಕೊಂದು ಸಾಲು ಇರುತ್ತದೆ. ಇಂಥ ದಿನದವರೆಗೆ ಬಂದು ಒಯ್ಯಿರಿ, ಆಮೇಲೆ ಇಂಥ ಮನೆಯಲ್ಲಿ ವಿಚಾರಿಸಿ. ಈ ಸಾಲು ಇಲ್ಲದ ಕಾಗದ ಎಷ್ಟು ಸೌಜನ್ಯದ್ದಾದರೂ ಅರ್ಧ ಬರೆದದ್ದೇ.

ಗಿರಾಕಿಗಳಿಗೆ ತಿಳಿಸುವ ಮೊದಲು ತಿಳಿಸಬೇಕಾದವರು ಬೇರೆ ಇದ್ದಾರೆ. ತಮಿಳುನಾಡಿನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ, ಆರು ತಿಂಗಳಾದರೂ ಸತತ ದುಡಿದ ನೌಕರನನ್ನು ಬಿಡಿಸಬೇಕಾದರೆ ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಬದಲು ಸಂಬಳ ಕೊಡಬೇಕು. ತಕ್ಕಡಿಯ ಮುಂದೆ ನಿಂತು ಪೊಟ್ಟಣ ಕಟ್ಟುವ ಹುಡುಗ ಬಾಗಿಲಿನ ಕಾಗದ ಓದಿ ಸುದ್ದಿ ತಿಳಿಯುವಂತಾಗಬಾರದು.

ಅಣ್ಣತಮ್ಮಂದಿರು ಪಾಲುದಾರರಾಗಿರುವ ಅಂಗಡಿಯಲ್ಲಿ ಇನ್ನೊಂದು ತೊಡಕು. 1932ರ ಪಾಲುದಾರಿಕೆ ಕಾಯ್ದೆಯ ಕಣ್ಣಿಗೆ ಬಾಗಿಲಿಗೆ ಅಂಟಿಸಿದ ಕಾಗದ ಸಾರ್ವಜನಿಕ ಪ್ರಕಟಣೆಯಲ್ಲ. ಸರ್ಕಾರಿ ಗೆಜೆಟ್‌ನಲ್ಲೂ ಆ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷೆಯ ಪತ್ರಿಕೆಯಲ್ಲೂ ಅದು ಅಚ್ಚಾಗಬೇಕು, ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರರಿಗೂ ತಿಳಿಸಬೇಕು. ಅಲ್ಲಿಯವರೆಗೆ ಒಬ್ಬ ಪಾಲುದಾರ ಅಂಗಡಿಯ ಹೆಸರಿನಲ್ಲಿ ಮಾಡಿದ ವ್ಯವಹಾರಕ್ಕೆ ಉಳಿದವರೂ ಹೊಣೆಯಾಗಬಹುದು. ಹೀಗೆ ಒಂದೇ ಸುದ್ದಿಗೆ ಎರಡು ಪ್ರಕಟಣೆಗಳು. ಕಾನೂನು ಕೇಳುವುದನ್ನು ಗಿರಾಕಿಗಳು ಓದುವುದಿಲ್ಲ. ಗಿರಾಕಿಗಳು ಓದುವುದನ್ನು ಕಾನೂನು ಕೇಳುವುದಿಲ್ಲ.

ಮೂರನೆಯದು ಕಾರಣ. ಬಹುತೇಕ ಕಾಗದಗಳಲ್ಲಿ ಅನಿವಾರ್ಯ ಕಾರಣಗಳಿಂದ ಎಂದಷ್ಟೇ ಇರುತ್ತದೆ. ಆ ಎರಡು ಪದಗಳ ಹಿಂದೆ ಬೇರೆ ಊರಿನ ಕೆಲಸ ಹಿಡಿದ ಮಕ್ಕಳಿರಬಹುದು, ಏರಿದ ಬಾಡಿಗೆ ಇರಬಹುದು, ಕಟ್ಟಡಕ್ಕಾಗಿ ಅಣ್ಣತಮ್ಮಂದಿರ ವ್ಯಾಜ್ಯ ಇರಬಹುದು, ಮೈಲಾಪುರದ ಲಸ್ ಸುತ್ತಮುತ್ತ ಆಗುತ್ತಿರುವಂತೆ ಮೆಟ್ರೋ ಕಾಮಗಾರಿಗೆ ರಸ್ತೆ ಮುಚ್ಚಿ ಗಿರಾಕಿಗಳ ದಾರಿ ತಪ್ಪಿದ್ದಿರಬಹುದು. ಇದನ್ನೆಲ್ಲ ಬರೆದರೆ ಮನೆಯ ಮಾತು ಬೀದಿಗೆ ಬರುತ್ತದೆ. ಖಾಯಂ ಗಿರಾಕಿಗಳಿಗೆ ಅದು ಹೇಗೂ ಗೊತ್ತಿರುತ್ತದೆ.

ಕಾರಣ ಎಲ್ಲರಿಗೂ ಗೊತ್ತಿದ್ದ ಪ್ರಸಂಗವೂ ಚೆನ್ನೈಯಲ್ಲೇ ಇದೆ, ಅದು ಸಣ್ಣ ಅಂಗಡಿಯದಲ್ಲವಾದರೂ. ದಕ್ಷಿಣ ಕನ್ನಡದ ಕಡಂದಲೆಯಿಂದ ಮದ್ರಾಸಿಗೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಆರಂಭಿಸಿದರು. 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳ ನೆರಳಿನಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಬಂತು. ಕಾರಿನಲ್ಲೇ ಕೂತು ದೋಸೆ ತಿನ್ನಬಹುದಿತ್ತು, ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಹರಟಬಹುದಿತ್ತು. ಆ ಜಾಗ ಹೋಟೆಲಿನದಾಗಿರಲಿಲ್ಲ. ಸರ್ಕಾರ ನೆಲವನ್ನು ವಾಪಸು ಪಡೆದಾಗ, 2008ರಲ್ಲಿ, ಡ್ರೈವ್-ಇನ್ ಮುಚ್ಚಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಬಾಡಿಗೆಯ ಅಥವಾ ಗುತ್ತಿಗೆಯ ನೆಲದ ಮೇಲಿನ ವ್ಯಾಪಾರದಲ್ಲಿ ಕೊನೆಯ ದಿನವನ್ನು ಅಡುಗೆಮನೆಯಾಗಲಿ ಮೂಟೆಗಳಾಗಲಿ ಗೊತ್ತುಮಾಡುವುದಿಲ್ಲ. ಆ ದಿನ ಬೇರೆಯವರ ಕಡತದಲ್ಲಿರುತ್ತದೆ.

ಕಾಗದದಲ್ಲಿ ಹಿಡಿಸದೆ ಉಳಿಯುವ ಒಂದು ಸಂಗತಿಯಿದೆ. ಕಾಫಿಪುಡಿ ಅಂಗಡಿಯವರಿಗೆ ಪ್ರತಿ ಮನೆಯ ಅಳತೆ ಬಾಯಿಪಾಠ. ಈ ಮನೆಗೆ ಪೀಬೆರಿ, ಪ್ಲಾಂಟೇಷನ್ ಎ ಸಮಸಮ, ಚಿಕೋರಿ ನೂರಕ್ಕೆ ಇಪ್ಪತ್ತು. ಅರ್ಧ ಕಿಲೋಗೆ ಲೆಕ್ಕ ಹಾಕಿದರೆ 200 ಗ್ರಾಂ, 200 ಗ್ರಾಂ, 100 ಗ್ರಾಂ. ಆ ಮನೆಗೆ ಚಿಕೋರಿಯೇ ಬೇಡ. ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನಮೂದಿಸಬೇಕು, ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಎಂದು ಆಹಾರ ನಿಯಮ ಹೇಳುತ್ತದೆ. ಯಾವ ಮನೆಗೆ ಯಾವ ಅಳತೆ ಎಂಬುದನ್ನು ಯಾವ ನಿಯಮವೂ ಬರೆಸುವುದಿಲ್ಲ. ಸಮಯವಿದ್ದರೆ ಒಂದು ಚೀಟಿಯಲ್ಲಿ ಈ ಅಳತೆ ಬರೆದು ಕೊಡಬಹುದು. ಇನ್ನೊಂದು ಅಂಗಡಿಯಲ್ಲಿ ಅದನ್ನು ತೋರಿಸಿದರೆ ಪುಡಿ ಸಿಗುತ್ತದೆ, ರುಚಿ ಬಹುಪಾಲು ಹತ್ತಿರ ಬರುತ್ತದೆ. ಬಹುಪಾಲು ಮಾತ್ರ. ಬೀಜ ಯಾವ ತೋಟದ್ದು, ಎಷ್ಟು ಕಪ್ಪಗೆ ಹುರಿದದ್ದು, ಯಂತ್ರ ಎಷ್ಟು ನುಣ್ಣಗೆ ಅರೆಯುತ್ತದೆ ಎಂಬುದು ಚೀಟಿಯಲ್ಲಿಲ್ಲ. ಬಣ್ಣ ನೋಡಿ ಹುರಿಯುವುದನ್ನು ನಿಲ್ಲಿಸುತ್ತಿದ್ದ ಕಣ್ಣಂತೂ ಇಲ್ಲವೇ ಇಲ್ಲ. ಹಾಗಿದ್ದರೂ ವಂದನೆಯ ಸಾಲಿಗಿಂತ ಆ ಚೀಟಿಯೇ ಗಿರಾಕಿಗೆ ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ.