ಕುಟುಕದೆ ಹೇಳುವ ಬಗೆ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಂಬದ ಕಣಿವೆಯಲ್ಲಿಯೂ ತೇನಿ, ದಿಂಡಿಗಲ್ಲುಗಳ ಸುತ್ತಿನಲ್ಲಿಯೂ ಕನ್ನಡವು ನಮಗೆ ಮುಖ್ಯವಾಗಿ ಮನೆಯ ಮಾತು. ಸಂತೆಯಲ್ಲಿ ತಮಿಳು ನಡೆಯುತ್ತದೆ. ಒಲೆಯ ಮುಂದೆ ಕನ್ನಡ ನಡೆಯುತ್ತದೆ. ಆದರೆ ಮನೆಯ ಮಂದಿ ಈಗ ಒಂದೇ ಒಲೆಯ ಮುಂದೆ ಇಲ್ಲ. ಊರೂರಿಗೆ ಚದುರಿದ ಅಣ್ಣತಮ್ಮಂದಿರು ಕೂಡುವುದು ವಾಟ್ಸಾಪಿನ ಗುಂಪಿನಲ್ಲಿ. ಆದುದರಿಂದ ಮನೆಯ ಮುನಿಸೂ ಅಲ್ಲಿಗೇ ಬಂದು ಸೇರಿದೆ. ಆ ಮುನಿಸನ್ನು ಬರೆಯುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹಿರಿಯ ಮಗನಿಗೆ ಕಂಬದಲ್ಲಿ ದ್ರಾಕ್ಷಿಯ ತೋಟ. ತಾಯಿ ಅವನ ಬಳಿಯಲ್ಲಿದ್ದಾಳೆ. ತಮ್ಮ ದಿಂಡಿಗಲ್ಲಿನಲ್ಲಿ, ತಂಗಿ ಬೆಂಗಳೂರಿನಲ್ಲಿ. ತಾಯಿಯ ಕಣ್ಣಿನ ಚಿಕಿತ್ಸೆಗೆ ಎರಡು ತಿಂಗಳಲ್ಲಿ ನಾಲ್ಕು ಬಾರಿ ಮದುರೆಗೆ ಹೋಗಬೇಕಾಯಿತು. ಹೋಗುವ ದಾರಿಯೇ ನೂರು ಕಿಲೋಮೀಟರಿಗೂ ಮಿಕ್ಕುದು. ಪ್ರತಿ ಬಾರಿಯೂ ಒಂದು ಹಗಲು ಪೂರ್ತಿ ಕಳೆಯಿತು. ಒಮ್ಮೆ ಅದು ಕೊಯ್ಲಿನ ದಿನವೇ ಬಂತು. ಆ ರಾತ್ರಿ ಅಣ್ಣನು ಗುಂಪಿನಲ್ಲಿ ಹೀಗೆ ಬರೆದನು:

“ಎಲ್ಲರಿಗೂ ಕೆಲಸ ಹೆಚ್ಚು. ಅವ್ವನನ್ನು ನೋಡಿಕೊಳ್ಳಲು ನಾವಿದ್ದೇವಲ್ಲ. ಕೆಲವರು ಒಂದು ಫೋನಾದರೂ ಮಾಡಬಹುದಿತ್ತು. ಇರಲಿ ಬಿಡಿ, ದೇವರು ಎಲ್ಲರನ್ನೂ ಚೆನ್ನಾಗಿಟ್ಟಿರಲಿ.”

ಇದರಲ್ಲಿ ಬೈಗುಳವಿಲ್ಲ, ಆದರೂ ಪ್ರತಿ ವಾಕ್ಯದಲ್ಲಿಯೂ ಮುಳ್ಳಿದೆ. ಆ ಮುಳ್ಳು ಎಲ್ಲಿದೆಯೆಂಬುದನ್ನು ನಮ್ಮ ಭಾಷೆಯೇ ತೋರಿಸುತ್ತದೆ. “ಇದ್ದೇವೆ” ಎಂಬುದು ಬರಿಯ ಸಂಗತಿ. “ಇದ್ದೇವಲ್ಲ” ಎಂದೊಡನೆ ಅದು ಚುಚ್ಚುಮಾತು. “ಕೆಲವರು” ಎಂಬ ಪದಕ್ಕೆ ಹೆಸರಿಲ್ಲ. ತಮ್ಮನು ಅದು ತಂಗಿಗೆಂದು ತಿಳಿಯುತ್ತಾನೆ, ತಂಗಿಯು ತಮ್ಮನಿಗೆಂದು ತಿಳಿಯುತ್ತಾಳೆ. “ಮಾಡಬಹುದಿತ್ತು” ಎಂಬುದು ಮುಗಿದ ಕಾಲಕ್ಕೆ ಸೇರಿದುದು; ಅದನ್ನು ಓದಿದವನು ಇಂದು ಮಾಡಬೇಕಾದುದು ಏನೂ ಉಳಿಯುವುದಿಲ್ಲ. “ಇರಲಿ ಬಿಡಿ” ಎಂಬುದು ಉತ್ತರದ ಬಾಗಿಲನ್ನೇ ಮುಚ್ಚುತ್ತದೆ.  ಇದಕ್ಕೆ ಬರುವ ಉತ್ತರ ಒಂದೋ ಕೈಮುಗಿದ ಚಿತ್ರ, ಇಲ್ಲವೇ ಮೌನ.

ತಿದ್ದುವ ಕ್ರಮ ಹೀಗಿದೆ. ಮೊದಲು ನಡೆದುದನ್ನು ಎಣಿಕೆಯೊಡನೆ ಹೇಳಬೇಕು. ಬಳಿಕ ಅದರಿಂದ ತನಗಾದುದನ್ನು ತನ್ನ ಮಾತಾಗಿ ಹೇಳಬೇಕು. ಕೊನೆಗೆ ಯಾರಿಂದ ಏನು ಬೇಕು, ಯಾವಾಗ ಬೇಕು ಎಂದು ಹೆಸರಿಟ್ಟು ಕೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ ಕಂಡುದನ್ನು, ಅನಿಸಿದುದನ್ನು, ಅಗತ್ಯವನ್ನು, ಕೋರಿಕೆಯನ್ನು ಬೇರೆಬೇರೆಯಾಗಿ ಹೇಳಬೇಕೆಂದು ಕಲಿಸಿದುದೂ ಇದೇ ಜಾಡಿನದು. ಅಣ್ಣನ ಮಾತು ಆಗ ಹೀಗಾಗುತ್ತದೆ:

“ತಮ್ಮಾ, ತಂಗೀ, ಎರಡು ತಿಂಗಳಲ್ಲಿ ಅವ್ವನನ್ನು ನಾಲ್ಕು ಸಲ ಮದುರೆಗೆ ಕರೆದುಕೊಂಡು ಹೋದೆ. ಒಂದು ಸಲ ಕೊಯ್ಲು ಬಿಟ್ಟು ಹೋಗಬೇಕಾಯಿತು. ಇದೆಲ್ಲ ನನ್ನೊಬ್ಬನ ಮೇಲೆ ಬಿದ್ದಿದೆ. ನೀವು ವಿಚಾರಿಸಲಿಲ್ಲವೆಂದು ಬೇಸರವಾಗಿದೆ. ಹೋಗುವ ದಿನಗಳನ್ನು ನಾನೂ ನಿಮಗೆ ಮೊದಲೇ ತಿಳಿಸಿರಲಿಲ್ಲ. ಮುಂದಿನ ಸಲ ಬರುವ ತಿಂಗಳು 12ನೆಯ ತಾರೀಖು. ತಮ್ಮಾ, ಹಿಂದಿನ ರಾತ್ರಿ ಇಲ್ಲಿಗೆ ಬಂದು ಅವ್ವನನ್ನು ನೀನು ಕರೆದುಕೊಂಡು ಹೋಗುವೆಯಾ? ತಂಗೀ, ಔಷಧದ ಖರ್ಚನ್ನು ನೀನು ನೋಡಿಕೊಳ್ಳುವೆಯಾ? ಆಗದಿದ್ದರೆ ಭಾನುವಾರದೊಳಗೆ ಹೇಳಿ. ಬೇರೆ ದಾರಿ ನೋಡೋಣ.”

ಬೇಸರವೆಂಬ ಮಾತನ್ನು ಇಲ್ಲಿ ಅಳಿಸಿಲ್ಲವೆಂಬುದನ್ನು ತಾವು ಗಮನಿಸಬೇಕು. ಮೃದುವಾಗಿಸುವ ಆತುರದಲ್ಲಿ “ಪರವಾಗಿಲ್ಲ, ಸುಮ್ಮನೆ ಹೇಳಿದೆ” ಎಂದು ಸೇರಿಸಿದರೆ ದೂರು ಸತ್ತು ಮುನಿಸು ಉಳಿಯುತ್ತದೆ. ದಯೆ ಇರುವುದು ದೂರನ್ನು ಅಡಗಿಸುವುದರಲ್ಲಲ್ಲ. “ಆಗದು” ಎನ್ನಲು ಎದುರಿನವರಿಗೆ ಎಡೆ ಕೊಡುವುದರಲ್ಲಿ.

ಕಳುಹಿಸುವ ಮುನ್ನ ಎರಡು ಪರೀಕ್ಷೆ. ಓದಿದವನು “ಇದು ಯಾರಿಗೆ?” ಎಂದು ಕೇಳುವಂತಿದೆಯೇ? ಓದಿದ ಮೇಲೆ ಅವನು ಮಾಡಬೇಕಾದುದು ತಿಳಿಯುತ್ತದೆಯೇ? ರಾತ್ರಿ ಬರೆದುದನ್ನು ಬೆಳಗ್ಗೆ ಮತ್ತೆ ಓದಿ ಕಳುಹಿಸುವುದು ಲೇಸು. ವಾಟ್ಸಾಪಿನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ನಿಜ. ಆದರೆ ಅಷ್ಟರೊಳಗೆ ಓದಿದವರ ಮನಸ್ಸಿನಿಂದ ಅದನ್ನು ತಿದ್ದಲಾಗದು. ನೀಲಿಯ ಗುರುತು ಬಿದ್ದರೆ ನೋಡಿದರೆಂದು ಅರ್ಥವೇ ಹೊರತು ಒಪ್ಪಿದರೆಂದಲ್ಲ.

ಈ ಕ್ರಮಕ್ಕೆ ಮಿತಿಯೂ ಉಂಟು. ಕೆಲಸವನ್ನು ಹಂಚುವ ಮಾತು ಗುಂಪಿಗೆ ಸಲ್ಲುತ್ತದೆ. ಒಬ್ಬರ ಮೇಲಿನ ದೂರು ಅವರೊಬ್ಬರಿಗೇ ಸಲ್ಲಬೇಕು. ಭಾವಂದಿರೂ ಮಕ್ಕಳೂ ಇರುವ ಗುಂಪಿನಲ್ಲಿ ತಮ್ಮನನ್ನು ಹೆಸರಿಟ್ಟು ದೂರಿದರೆ ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಅವ್ವನೂ ಆ ಗುಂಪಿನಲ್ಲಿದ್ದರೆ ತಾನೇ ಹೊರೆಯಾದೆನೆಂದು ನೊಂದುಕೊಳ್ಳುವಳು. ಆಗ ಮೂವರೇ ಬೇರೆಯಾಗಿ ಮಾತಾಡಬೇಕು. ಆಸ್ತಿಯಂಥ ಹಳೆಯ ಜಗಳವನ್ನಂತೂ ಇದರೊಡನೆ ಬೆರೆಸಕೂಡದು. ಅದು ಎದುರೆದುರು ಕುಳಿತು ಆಡುವ ಮಾತು.